‘ಇತರೆ’ಯ ಮುಂದೆ ಜನ ಬರೆದದ್ದನ್ನು ಎಣಿಸುವುದು ಹೇಗೆ?

‘ನಿಮ್ಮ ಮನೆಗೆ ಕುಡಿಯುವ ನೀರು ಮುಖ್ಯವಾಗಿ ಎಲ್ಲಿಂದ ಬರುತ್ತದೆ?’ ಎಂದು 400 ಮನೆಗಳಲ್ಲಿ ಕೇಳುವ ಸಮೀಕ್ಷೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ನಲ್ಲಿ, ಕೊಳವೆಬಾವಿ, ತೆರೆದ ಬಾವಿ, ಟ್ಯಾಂಕರ್ ಎಂಬ ನಾಲ್ಕು ಆಯ್ಕೆಗಳ ಕೆಳಗೆ ‘ಇತರೆ (ದಯವಿಟ್ಟು ನಮೂದಿಸಿ)’ ಎಂಬ ಐದನೆಯದೂ ಅದರ ಮುಂದೆ ಒಂದು ಖಾಲಿ ಗೆರೆಯೂ ಇವೆ. ಉತ್ತರಗಳನ್ನು ಎಣಿಸಿದಾಗ ನಲ್ಲಿ 212, ಕೊಳವೆಬಾವಿ 74, ತೆರೆದ ಬಾವಿ 18, ಟ್ಯಾಂಕರ್ 24 ಮತ್ತು ಇತರೆ 72 ಎಂದು ಬಂದಿದೆ.

ಈ ಐದನೆಯ ಆಯ್ಕೆ ಎಲ್ಲ ಪ್ರಶ್ನೆಗಳಿಗೂ ಬೇಕಿಲ್ಲ. ಕರ್ನಾಟಕದ ಜಿಲ್ಲೆ, ವಯಸ್ಸಿನ ಗುಂಪು, ‘ತೃಪ್ತಿ ಇದೆ–ಇಲ್ಲ’ ಎಂಬ ಅಳತೆಪಟ್ಟಿ ಮುಂತಾದ ಕಡೆ ಪಟ್ಟಿಯೇ ಪೂರ್ಣವಾಗಿರುವುದರಿಂದ ಅಲ್ಲಿ ಅದು ಗೊಂದಲಕ್ಕಷ್ಟೇ ದಾರಿ. ಸಾಧ್ಯವಿರುವ ಉತ್ತರಗಳೆಲ್ಲ ನಮಗೆ ಗೊತ್ತಿಲ್ಲದಿರುವಾಗ, ಅಥವಾ ಗೊತ್ತಿದ್ದರೂ ಅಪರೂಪದವನ್ನೆಲ್ಲ ಪಟ್ಟಿಗೆ ತುಂಬಲು ಆಗದಿರುವಾಗ ಅದನ್ನು ಇಡಬೇಕು. ‘ಗೊತ್ತಿಲ್ಲ’, ‘ಯಾವುದೂ ಅಲ್ಲ’ ಎಂಬವು ಬೇರೆಯೇ ಆಯ್ಕೆಗಳು. ಅವು ಬೇಕಾದ ಕಡೆ ಇಲ್ಲದಿದ್ದರೆ ಆ ಉತ್ತರಗಳೆಲ್ಲ ‘ಇತರೆ’ಯೊಳಗೆ ನುಗ್ಗುತ್ತವೆ. ಪಟ್ಟಿಯನ್ನು ಅಚ್ಚಿಗೆ ಕೊಡುವ ಮುನ್ನ ಇಪ್ಪತ್ತು-ಮೂವತ್ತು ಮನೆಗಳಲ್ಲಿ ಇದೇ ಪ್ರಶ್ನೆಯನ್ನು ಆಯ್ಕೆಗಳಿಲ್ಲದೆ ಕೇಳಿದರೆ ಯಾವುದು ಬಿಟ್ಟುಹೋಗಿದೆ ಎಂಬುದು ಸಾಮಾನ್ಯವಾಗಿ ಅಲ್ಲೇ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ‘ಇತರೆ’ ಶೇ 18ರಷ್ಟಿದೆ, ಅಂದರೆ ಆ ಕೆಲಸ ನಡೆದಿಲ್ಲ.

ಈಗ ವಿಶ್ಲೇಷಣೆ. ಜನ ಬರೆದ ಮಾತನ್ನು ಸ್ಪ್ರೆಡ್‌ಶೀಟಿನ ಒಂದು ಕಾಲಂನಲ್ಲಿ ಇದ್ದಂತೆಯೇ ಉಳಿಸಿಕೊಂಡು, ತಿದ್ದುಪಡಿಗೆ ಇನ್ನೊಂದು, ಉತ್ತರ ಯಾವ ಗುಂಪಿಗೆ ಸೇರಿದ್ದೆಂದು ಸೂಚಿಸುವ ಸಂಕೇತ ಸಂಖ್ಯೆಗೆ ಮತ್ತೊಂದು ಕಾಲಂ ಮಾಡಿಕೊಳ್ಳಿ. ಕನ್ನಡದಲ್ಲಿ ಕಣ್ಣಿಗೆ ಬೀಳದ ತೊಡಕೊಂದಿದೆ: ‘ಬೋರ್‌ವೆಲ್’ ಎಂದು ಒತ್ತಕ್ಷರವಾಗದಂತೆ ಟೈಪಿಸಿದಾಗ ನಡುವೆ ಕಾಣದ ಅಕ್ಷರವೊಂದು ಸೇರಿಕೊಳ್ಳುತ್ತದೆ, ಆದ್ದರಿಂದ ಅದೂ ‘ಬೋರ್ವೆಲ್’ ಎಂಬುದೂ ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಬೇರೆ ಪದಗಳು. ಮೂಲ ಉತ್ತರ A2ರಲ್ಲಿದ್ದರೆ ತಿದ್ದುಪಡಿಯ ಕಾಲಂನಲ್ಲಿ ಈ ಸೂತ್ರವನ್ನು ಬಳಸಬಹುದು:

```
=TRIM(SUBSTITUTE(A2,UNICHAR(8204),""))
```

ನಂತರ 72 ಉತ್ತರಗಳನ್ನೂ ಒಮ್ಮೆ ಪೂರ್ತಿ ಓದಿ. ಅವುಗಳಲ್ಲಿ 13 ಮಂದಿ ‘ಬೋರು’, ‘ಬೋರಿನ ನೀರು’ ಎಂದಿದ್ದಾರೆ. ಇವು ಪಟ್ಟಿಯಲ್ಲಿದ್ದ ಕೊಳವೆಬಾವಿಯೇ ಆಗಿರುವುದರಿಂದ ಅಲ್ಲಿಗೇ ಸೇರಿಸಬೇಕು, ಆಗ ಅದು 87 ಆಗುತ್ತದೆ. (ಪಟ್ಟಿಯಲ್ಲಿ ‘ಬೋರ್’ ಎಂಬ ಆಡುಮಾತನ್ನೂ ಬರೆದಿದ್ದರೆ ಈ ಹದಿಮೂರು ಇಲ್ಲಿಗೆ ಬರುತ್ತಲೇ ಇರಲಿಲ್ಲ.) 41 ಮಂದಿ ‘ಶುದ್ಧ ನೀರಿನ ಘಟಕ’, ‘ಕಾಯಿನ್ ಹಾಕಿ ತರುವ ನೀರು’ ಎಂದು ಬರೆದಿದ್ದಾರೆ, ಇದಕ್ಕೆ ಹೊಸ ಸಂಕೇತ ಕೊಡಬೇಕು. 9 ಮಂದಿ ‘ಫಿಲ್ಟರ್ ನೀರು’ ಎಂದಿದ್ದಾರೆ. ಇದು ಘಟಕದಿಂದ ತಂದ ನೀರೋ ಮನೆಯಲ್ಲಿ ಸೋಸಿದ ನಲ್ಲಿ ನೀರೋ ಹೇಳಲಾಗದು. ಮತ್ತೆ ಕೇಳಲು ಸಾಧ್ಯವಿಲ್ಲದಿದ್ದರೆ ಅದನ್ನು ಊಹಿಸಿ ಎಲ್ಲಿಗೂ ಸೇರಿಸಬಾರದು. 5 ಮಂದಿ ‘ಪಕ್ಕದ ಮನೆ’ ಎಂದಿರುವುದು ಯಾರಿಂದ ಎಂಬುದಕ್ಕೆ ಉತ್ತರವೇ ಹೊರತು ಯಾವ ಮೂಲ ಎಂಬುದಕ್ಕಲ್ಲ. ಉಳಿದ 4 ಕಡೆ ಗುರುತು ಮಾತ್ರ ಇದ್ದು ಗೆರೆ ಖಾಲಿ. ಹೀಗೆ ಕೊನೆಗೆ ವರ್ಗೀಕರಿಸಲಾಗದೆ ಉಳಿಯುವುದು 18, ಅಂದರೆ ಶೇ 4.5.

ಈ ನಿರ್ಧಾರಗಳನ್ನೆಲ್ಲ ಉದಾಹರಣೆ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟು, ಇಬ್ಬರು ಪರಸ್ಪರ ನೋಡದೆ ಸಂಕೇತ ಹಾಕಿ, ಆಮೇಲೆ ಹೋಲಿಸಬೇಕು. ಇಬ್ಬರಿಗೂ ಹೊಂದದ ಕಡೆ ಸಾಮಾನ್ಯವಾಗಿ ನಿಯಮವೇ ಅಸ್ಪಷ್ಟವಾಗಿರುತ್ತದೆ. ಎಷ್ಟೇ ಜಾಗರೂಕರಾದರೂ ಸ್ವಲ್ಪ ಉಳಿಯುವುದು ಸಹಜ. 2011ರ ಜನಗಣತಿಯಲ್ಲಿ ಮಾತೃಭಾಷೆ ಎಂದು ಜನ ಹೇಳಿದ 19,569 ಹೆಸರುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿ ಗುಂಪುಗೂಡಿಸಿದ ಮೇಲೂ 1,474 ಹೆಸರುಗಳು ವರ್ಗೀಕರಣಕ್ಕೆ ಸಿಗದೆ ‘ಇತರೆ’ಗೇ ಹೋದವು.

ವರದಿ ಬರೆಯುವಾಗ ಹೆಚ್ಚಿನವರು ಎಡವುವುದು ಹೊಸ ಸಂಕೇತದ ಅಂಕಿಯಲ್ಲಿ. 41 ಮನೆ, ಶೇ 10.25 ಎಂಬುದನ್ನು ನಲ್ಲಿಯ ಶೇ 53ರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ನಲ್ಲಿ ಎಂಬ ಆಯ್ಕೆ ಎಲ್ಲರ ಕಣ್ಣೆದುರಿಗಿತ್ತು. ಘಟಕವನ್ನು ಮಾತ್ರ ತಾವಾಗಿಯೇ ನೆನೆದು ಬರೆಯಬೇಕಿತ್ತು. ಘಟಕದಿಂದ ನೀರು ತರುವ ಕೆಲವರು ಬರೆಯುವ ಗೋಜೇಕೆಂದು ನಲ್ಲಿಗೇ ಗುರುತು ಹಾಕಿರಬಹುದು. ಆದ್ದರಿಂದ ‘ಶೇ 10ರಷ್ಟು ಮನೆಗಳು ಘಟಕವನ್ನು ಅವಲಂಬಿಸಿವೆ’ ಎನ್ನುವ ಬದಲು ‘ಪಟ್ಟಿಯಲ್ಲಿಲ್ಲದಿದ್ದರೂ 41 ಮನೆಯವರು ಘಟಕದ ಹೆಸರನ್ನು ತಾವಾಗಿಯೇ ಹೇಳಿದ್ದಾರೆ, ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚಿರುವ ಸಾಧ್ಯತೆಯಿದೆ’ ಎಂದು ಬರೆಯುವುದು ಸರಿ. ಮುಂದಿನ ಸುತ್ತಿನಲ್ಲಿ ಘಟಕವನ್ನು ಪಟ್ಟಿಗೆ ಸೇರಿಸಿದಾಗ ಅಂಕಿ ಏರಿದರೆ, ಅಷ್ಟರಿಂದಲೇ ಬಳಕೆ ಹೆಚ್ಚಿತೆಂದು ಹೇಳಲೂ ಬರುವುದಿಲ್ಲ.