ಸ್ಟೈಪೆಂಡ್‌ನಲ್ಲಿ ಟಿಡಿಎಸ್ ಕಡಿದಿದ್ದಾರಾ? ರಿಟರ್ನ್ ಹಾಕಿ
ಓದಿನ ಖರ್ಚಿಗೆಂದೇ ಕೊಡುವ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(16) ಹೇಳುವುದು ಅದನ್ನೇ, ಮೊತ್ತಕ್ಕೆ ಮಿತಿಯೂ ಇಲ್ಲ. ಆದರೆ ಕಂಪನಿ ಕೆಲಸ ಮಾಡಿಸಿಕೊಂಡು ಕೊಡುವ ಸ್ಟೈಪೆಂಡ್ ಬೇರೆ. ಹೆಸರು ಏನೇ ಇರಲಿ, ಅದು ಆದಾಯವೇ.

ನನ್ನ ತಂಗಿ ಕಳೆದ ವರ್ಷ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದಳು. ತಿಂಗಳಿಗೆ 25,000, ಒಟ್ಟು 1,50,000. ಕಂಪನಿ ಶೇ. 10ರಂತೆ 15,000 ಟಿಡಿಎಸ್, ಅಂದರೆ ದುಡ್ಡು ಕೈಗೆ ಕೊಡುವ ಮೊದಲೇ ಕಡಿಯುವ ತೆರಿಗೆ, ಹಿಡಿಯಿತು. ಬೇರೆ ಆದಾಯವಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದರೂ ರಿಟರ್ನ್ ಹಾಕದಿದ್ದರೆ ಆ ದುಡ್ಡು ಸರ್ಕಾರದ ಬಳಿಯೇ ಉಳಿಯುತ್ತದೆ! ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಡಿತವಾದ ತೆರಿಗೆಯ ಲೆಕ್ಕ ತೋರಿಸುವ Form 26AS ತೆರೆದು, ಕಡಿತ ನಿಮ್ಮ ಪ್ಯಾನ್‌ಗೆ ಬಿದ್ದಿದೆಯೇ ನೋಡಿ. ಬಿದ್ದಿಲ್ಲವಾದರೆ ಕಂಪನಿಯವರನ್ನೇ ಕೇಳಬೇಕು. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡುವುದನ್ನು ಮರೆಯಬೇಡಿ.