ತುಡುವೆಯ ರೆಕ್ಕೆಬಡಿತ ಎಣಿಸಿದ್ದು: ನನ್ನ ಅನುಭವ

ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇಟ್ಟು, ಗೂಡಿನ ಬಾಗಿಲಲ್ಲಿ ನಿಂತು ಹಾರುವ ತುಡುವೆ ಜೇನನ್ನು ಚಿತ್ರಿಸಿದರೆ ರೆಕ್ಕೆ ಸೆಕೆಂಡಿಗೆ ಹತ್ತೇ ಸಲ ಆಡಿದಂತೆ ಕಾಣುತ್ತದೆ, ಅದೂ ಹಿಂದುಮುಂದಾಗಿ. ನಂಬಬೇಡಿ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ಉರುಳಿದಂತೆ ಕಾಣುವ ಮೋಸವೇ ಇದು. ರೆಕ್ಕೆ ಸೆಕೆಂಡಿಗೆ ಸುಮಾರು 230 ಸಲ ಬಡಿಯುತ್ತಿದೆ, ಕ್ಯಾಮೆರಾ 240 ಸಲ ನೋಡುತ್ತಿದೆ. ಪ್ರತಿ ಫ್ರೇಮಿಗೂ ರೆಕ್ಕೆ ಒಂದು ಸುತ್ತಿಗಿಂತ ತುಸು ಕಮ್ಮಿ ಮುಗಿಸಿರುತ್ತದೆ, ಹಾಗಾಗಿ ವ್ಯತ್ಯಾಸದ ಹತ್ತು ಮಾತ್ರ ಕಣ್ಣಿಗೆ ಬೀಳುತ್ತದೆ.

ಅದೇ ಕ್ಯಾಮೆರಾ ಗದ್ದೆ ಬಯಲಿನ ಏರೋಪ್ಲೇನ್ ಚಿಟ್ಟೆಗೆ ಧಾರಾಳವಾಗಿ ಸಾಕು. ಮಳೆ ಹಿಂದೆ ಸರಿದ ಮೇಲೆ ನಮ್ಮ ಕೊಡಗಿನ ಗದ್ದೆಗಳ ಮೇಲೆ ಹಿಂಡುಗಟ್ಟಿ ಹಾರುವ ಹಳದಿ ಜಾತಿಯದನ್ನು ಚಿತ್ರಿಸಿ, ಹತ್ತು ಬಡಿತಕ್ಕೆ ಎಷ್ಟು ಫ್ರೇಮು ಎಂದು ಎಣಿಸಿದೆ. ಒಂದು ತುಣುಕಿನಲ್ಲಿ 68 ಬಂತು. 240ನ್ನು 10ರಿಂದ ಗುಣಿಸಿ 68ರಿಂದ ಭಾಗಿಸಿದರೆ ಸೆಕೆಂಡಿಗೆ 35 ಬಡಿತ. ಒಂದೇ ಬಡಿತ ಎಣಿಸಿದರೆ ಒಂದು ಫ್ರೇಮಿನ ತಪ್ಪಿಗೆ ನಾಲ್ಕೈದು ಹರ್ಟ್ಸ್ ಜಾರುತ್ತದೆ, ಅದಕ್ಕೇ ಹತ್ತು. ಮುಂದಿನ ಜೋಡಿ ಮತ್ತು ಹಿಂದಿನ ಜೋಡಿ ರೆಕ್ಕೆಗಳು ಒಟ್ಟಿಗೆ ಏಳುವುದಿಲ್ಲ ಎಂಬುದೂ ಅದೇ ತುಣುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

35 ಎಲ್ಲಿ, 230 ಎಲ್ಲಿ? ಜೇನಿನದು ಚಿಕ್ಕ ರೆಕ್ಕೆ, ಅದಕ್ಕೇ ವೇಗ ಜಾಸ್ತಿ ಎಂದರೆ ಅರ್ಧ ಉತ್ತರ ಮಾತ್ರ. ಉಳಿದರ್ಧ ಎದೆಗೂಡಿನೊಳಗಿದೆ.

ಅದನ್ನು ನೋಡಲು ಜೇನು ತೀರಾ ಚಿಕ್ಕದು. ನಾನು ಬಳಸುವುದು ಮರ ಕೊರೆಯುವ ದೊಡ್ಡ ಕರಿದುಂಬಿ. ಮಾಡಿನ ತೊಲೆ ಇರುವ ಮನೆಯಲ್ಲಿ ಕಿಟಕಿಯ ಕೆಳಗೆ ಸತ್ತದ್ದು ಒಂದಾದರೂ ಸಿಗುತ್ತದೆ. ಒಣಗಿದ್ದರೆ ಒತ್ತಿದ ಕೂಡಲೇ ಮುರಿಯುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿ, ಅದರ ಮೇಲೆ ಎರಡು ಹನಿ ಡೆಟಾಲ್, ಪಕ್ಕದಲ್ಲಿ ಬಾಟಲಿಯ ಮುಚ್ಚಳದ ಮೇಲೆ ದುಂಬಿ. ಹೀಗೆ ಒಂದು ರಾತ್ರಿ, ದೊಡ್ಡದಾದರೆ ಇಡೀ ದಿನ ಇಟ್ಟರೆ ಕೀಲು ಸಡಿಲವಾಗುತ್ತದೆ. ಡೆಟಾಲ್ ಬಿಟ್ಟರೆ ಮಳೆಗಾಲದಲ್ಲಿ ಬೆಳಗಾಗುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ.

ಆಮೇಲೆ ಎದೆಯ ಮೇಲ್ಚಿಪ್ಪನ್ನು ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ರೆಕ್ಕೆಗಳು ಮೇಲೇಳುತ್ತವೆ. ಈಗ ಎದೆಯನ್ನು ಮುಂದಿನಿಂದ ಹಿಂದಕ್ಕೆ ಚಿಮಟಿಗೆಯಲ್ಲಿ ಹಿಸುಕಿ. ಮೇಲ್ಚಿಪ್ಪು ಡೊಂಕಾಗಿ ಉಬ್ಬುತ್ತದೆ, ರೆಕ್ಕೆಗಳು ಕೆಳಗಿಳಿಯುತ್ತವೆ. ರೆಕ್ಕೆಯನ್ನು ನೀವು ಮುಟ್ಟಲೇ ಇಲ್ಲ. ಬದುಕಿದ ದುಂಬಿಯಲ್ಲಿ ಇದೇ ಎರಡು ಕೆಲಸವನ್ನು ಎರಡು ಸ್ನಾಯುಗುಂಪುಗಳು ಮಾಡುತ್ತವೆ. ಅರ್ಧ ಬ್ಲೇಡಿನಿಂದ ಎದೆಯನ್ನು ನಡುಗೆರೆಯ ಉದ್ದಕ್ಕೆ ಸೀಳಿದರೆ ಮುಂದಿನಿಂದ ಹಿಂದಕ್ಕೆ ಹಾಸಿದ ದಪ್ಪ ಕಟ್ಟು ಎದುರಿಗೇ ಸಿಗುತ್ತದೆ. ಅದು ರೆಕ್ಕೆ ಇಳಿಸುವುದು. ಅದನ್ನು ಸರಿಸಿದರೆ ಪಕ್ಕದಲ್ಲಿ ಕಂಬದಂತೆ ನಿಂತದ್ದು ಏರಿಸುವುದು. ಎರಡೂ ರೆಕ್ಕೆಗೆ ಅಂಟಿಲ್ಲ, ಎದೆಯ ಚಿಪ್ಪಿಗೆ ಅಂಟಿವೆ. ಪರೋಕ್ಷ ಹಾರಾಟ ಎನ್ನುವುದು ಇದಕ್ಕೆ. ರೆಕ್ಕೆಯ ಬುಡಕ್ಕೇ ಅಂಟಿದ ಚಿಕ್ಕಪುಟ್ಟ ಸ್ನಾಯುಗಳೂ ಇವೆ, ಆದರೆ ಅವುಗಳ ಕೆಲಸ ರೆಕ್ಕೆಯ ಓರೆ ತಿದ್ದುವುದು, ತಿರುಗಿಸುವುದು. ಗಾಡಿಯ ಸ್ಟೇರಿಂಗಿನ ಹಾಗೆ, ಎಂಜಿನ್ನಿನ ಹಾಗಲ್ಲ.

ಏರೋಪ್ಲೇನ್ ಚಿಟ್ಟೆಯನ್ನು ಹೀಗೇ ಒತ್ತಿದರೆ ಈ ಆಟ ನಡೆಯುವುದಿಲ್ಲ. ಎದೆ ಸೀಳಿದರೆ ಪ್ರತಿ ರೆಕ್ಕೆಯ ಅಡಿಯಲ್ಲೂ ನಿಂತ ಸ್ನಾಯುಗಳು, ಅವುಗಳ ತುದಿ ರೆಕ್ಕೆಯ ಬುಡಕ್ಕೇ ಕಟ್ಟಿದೆ. ಸೂಜಿಯಿಂದ ಒಂದನ್ನು ಎಳೆದರೆ ಆ ಒಂದು ರೆಕ್ಕೆ ಮಾತ್ರ ಆಡುತ್ತದೆ. ಇದು ನೇರ ಹಾರಾಟ. ನಾಲ್ಕು ರೆಕ್ಕೆಯನ್ನೂ ಬೇರೆ ಬೇರೆಯಾಗಿ ಆಡಿಸುವ ಸ್ವಾತಂತ್ರ್ಯ ಬರುವುದು ಇಲ್ಲಿಂದಲೇ. ಜೇನಿನಲ್ಲಿ ಅದಿಲ್ಲ. ಹಿಂದಿನ ರೆಕ್ಕೆಯ ಮುಂದಂಚಿನಲ್ಲಿ ಸುಮಾರು ಇಪ್ಪತ್ತು ಕೊಕ್ಕೆಗಳು ಸಾಲಾಗಿದ್ದು, ಮುಂದಿನ ರೆಕ್ಕೆಯ ಮಡಿಕೆಗೆ ಸಿಕ್ಕಿಕೊಂಡು ಎರಡೂ ಒಂದೇ ಹಾಳೆಯಾಗಿ ಬಡಿಯುತ್ತವೆ. ಮೂವತ್ತು ಪಟ್ಟಿನ ಕೈಮಸೂರದಲ್ಲಿ ಈ ಕೊಕ್ಕೆಗಳು ಕಾಣುತ್ತವೆ.

ಇಲ್ಲೊಂದು ತಪ್ಪು ಪಠ್ಯಗಳಲ್ಲೂ ನುಸುಳುತ್ತದೆ. ಪರೋಕ್ಷ ಎಂದ ಮಾತ್ರಕ್ಕೆ ವೇಗ ಎಂದಲ್ಲ. ಪತಂಗ, ಪಾತರಗಿತ್ತಿಗಳದ್ದೂ ಪರೋಕ್ಷವೇ. ಆದರೆ ಅವುಗಳಲ್ಲಿ ಏರೋಪ್ಲೇನ್ ಚಿಟ್ಟೆಯ ಹಾಗೆ ಪ್ರತಿ ಬಡಿತಕ್ಕೂ ನರದಿಂದ ಒಂದು ಆದೇಶ ಬರಬೇಕು. ಆದೇಶ ಬಂದಾಗಲೆಲ್ಲ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಬೇಕು, ಮತ್ತೆ ಒಳಗೆ ಹೀರಿಕೊಳ್ಳಬೇಕು. ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಈ ವ್ಯವಹಾರ ಏದುಸಿರು ಬಿಡತೊಡಗುತ್ತದೆ. ಜೇನು, ನೊಣ, ಸೊಳ್ಳೆಗಳ ಸ್ನಾಯು ಬೇರೆ ಜಾತಿಯದು. ನರ ಆಗೊಮ್ಮೆ ಈಗೊಮ್ಮೆ ಮಿಡಿದು ಸ್ನಾಯುವನ್ನು ಎಚ್ಚರದಲ್ಲಿಡುತ್ತದೆ, ಅಷ್ಟೆ. ಎಚ್ಚರದಲ್ಲಿರುವ ಸ್ನಾಯುವನ್ನು ಎಳೆದರೆ ಕ್ಷಣ ತಡೆದು ಅದು ತಾನಾಗಿಯೇ ಸೆಟೆಯುತ್ತದೆ. ಇಳಿಸುವ ಸ್ನಾಯು ಸೆಟೆದಾಗ ಚಿಪ್ಪು ಉಬ್ಬಿ ಏರಿಸುವ ಸ್ನಾಯುವನ್ನು ಎಳೆಯುತ್ತದೆ, ಅದು ಸೆಟೆದಾಗ ಇದನ್ನು ಎಳೆಯುತ್ತದೆ. 1949ರಲ್ಲಿ ಬ್ರಿಟನ್ನಿನ ಪ್ರಾಣಿವಿಜ್ಞಾನಿ ಪ್ರಿಂಗಲ್ ನೊಣದ ಸ್ನಾಯುವಿನ ವಿದ್ಯುತ್ ಮಿಡಿತವನ್ನೂ ರೆಕ್ಕೆಬಡಿತವನ್ನೂ ಒಟ್ಟಿಗೆ ದಾಖಲಿಸಿ, ಇವೆರಡರ ಲೆಕ್ಕ ತಾಳೆಯಾಗುವುದಿಲ್ಲ ಎಂದು ತೋರಿಸಿದರು.

ಹಾಗಾದರೆ ತಾಳ ಹಾಕುವವರು ಯಾರು? ಎದೆಗೂಡಿನ ಸ್ಪ್ರಿಂಗು ಮತ್ತು ರೆಕ್ಕೆಯ ಜಡತೆ. ಉಯ್ಯಾಲೆಗೆ ತನ್ನದೇ ಲಯವಿರುವ ಹಾಗೆ ಈ ಪೆಟ್ಟಿಗೆಗೂ ಒಂದು ಲಯವಿದೆ, ಸ್ನಾಯು ಆ ಲಯಕ್ಕೆ ತಳ್ಳುತ್ತದೆ. ಇದು ನಿಜವಾದರೆ ರೆಕ್ಕೆ ಹಗುರಾದಾಗ ನರ ಏನೂ ಬದಲಿಸದಿದ್ದರೂ ಬಡಿತ ಏರಬೇಕು. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಅಳೆಯುವುದು ಸದ್ದಿನಿಂದ. ಫೋನಿನಲ್ಲಿ ಧ್ವನಿ ಶುದ್ಧಗೊಳಿಸುವ ಆಯ್ಕೆ ಇದ್ದರೆ ಮೊದಲು ಆರಿಸಿ, ಇಲ್ಲವಾದರೆ ಅದು ಗುಂಯ್‌ಗುಡುವುದನ್ನೇ ಗಲಾಟೆ ಎಂದು ಅಳಿಸಿಬಿಡುತ್ತದೆ. WAV ಆಗಿ 44100ರ ದರದಲ್ಲಿ ದಾಖಲಿಸಿ, Audacityಯಲ್ಲಿ ತೆರೆದು, ಸದ್ದು ಸ್ಥಿರವಾಗಿರುವ ಕಾಲು ಸೆಕೆಂಡನ್ನು ಆರಿಸಿ, Plot Spectrum ಒತ್ತಿ. Size 8192 ಇಟ್ಟರೆ ಸುಮಾರು 5 ಹರ್ಟ್ಸಿನಷ್ಟು ಸೂಕ್ಷ್ಮವಾಗಿ ಅಳೆಯಬಹುದು. ಶಿಖರಗಳ ಸಾಲು ಏಳುತ್ತದೆ: 230, 460, 690. ಎಷ್ಟೋ ಸಲ 460ರದ್ದೇ ಎಲ್ಲಕ್ಕಿಂತ ಎತ್ತರ, ಅದನ್ನೇ ಬಡಿತವೆಂದು ಬರೆದುಕೊಂಡರೆ ಲೆಕ್ಕ ದುಪ್ಪಟ್ಟಾಯಿತು. ಎತ್ತರ ನೋಡಬಾರದು, ಶಿಖರದಿಂದ ಶಿಖರಕ್ಕಿರುವ ಅಂತರ ನೋಡಬೇಕು. 50, 100, 150ರಲ್ಲಿ ಚೂಪಾದ ಗೆರೆ ಕಂಡರೆ ಅದು ಕರೆಂಟಿನ ಗುಂಯ್, ಹುಳದ್ದಲ್ಲ. ಸಂಜೆ ಜೀರುಂಡೆ ಸಾವಿರಗಳ ಲೆಕ್ಕದಲ್ಲಿ ಮೇಲೆ ಕಿರುಚುತ್ತದೆ, ಅದರಿಂದ ತೊಂದರೆಯಿಲ್ಲ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಮಾತ್ರ ಆ ದಿನ ಕೆಲಸ ಬಿಡಿ.

ಮುದಿ ತುಡುವೆಗಳ ರೆಕ್ಕೆಯ ಅಂಚು ಹರಿದು ಹಲ್ಲುಹಲ್ಲಾಗಿರುತ್ತದೆ. ಮೊದಲು ಅವನ್ನೂ ಇಡೀ ರೆಕ್ಕೆಯವನ್ನೂ ಹೋಲಿಸಿದೆ. ಹರಿದವು ಸರಾಸರಿ ತುಸು ಮೇಲಿದ್ದವು, ಆದರೆ ಒಂದೊಂದು ಜೇನಿನ ನಡುವೆಯೇ ಹತ್ತು ಹದಿನೈದು ಹರ್ಟ್ಸ್ ಏರುಪೇರಿರುವಾಗ ಅದರಿಂದ ಏನನ್ನೂ ಹೇಳಲಾಗದು. ಒಂದೇ ಹುಳವನ್ನು ಮೊದಲೂ ಆಮೇಲೂ ಅಳೆಯಬೇಕು. ಅದಕ್ಕೆ ಕುಕ್ಕದ ದೊಡ್ಡ ನೀಲಿ ನೊಣವೇ ಸರಿ.

ನೊಣವನ್ನು ಡಬ್ಬಿಯಲ್ಲಿ ಹಾಕಿ ಫ್ರಿಡ್ಜಿನಲ್ಲಿ ಐದು ನಿಮಿಷ ಇಟ್ಟರೆ ಮರಗಟ್ಟುತ್ತದೆ. ಬೆಂಕಿಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕರಗಿದ ಜೇನುಮೇಣ ತೆಗೆದು, ಆರುತ್ತಾ ಬಂದಾಗ ಎದೆಯ ಮೇಲ್ಚಿಪ್ಪಿನ ಮುಂಭಾಗಕ್ಕೆ, ತಲೆಯ ಹಿಂದೆಯೇ ಅಂಟಿಸಿ. ಮೇಣ ಹಿಂದಕ್ಕೆ ಹರಿದರೆ ಕೆಟ್ಟಿತು: ಉಬ್ಬಿ ಇಳಿಯಬೇಕಾದ ಚಿಪ್ಪನ್ನೇ ಅದು ಬಿಗಿಯುತ್ತದೆ. ಆಗ ನೊಣ ಬರೀ ನಡುಗುತ್ತದೆ, ಅಥವಾ ರೆಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಅಂಥದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಲಿಗೆ ಒಂದು ಚೂರು ಕಾಗದ ಕೊಟ್ಟರೆ ಹಿಡಿದುಕೊಂಡು ಸುಮ್ಮನಿರುತ್ತದೆ, ಕಾಗದ ಕಿತ್ತು ಮುಖಕ್ಕೆ ಮೆಲ್ಲಗೆ ಊದಿದರೆ ಹಾರತೊಡಗುತ್ತದೆ. ಇದಕ್ಕಿಂತ ಒಳ್ಳೆಯ ಸ್ವಿಚ್ಚು ನಾನು ಕಂಡಿಲ್ಲ. ಮರಗಟ್ಟಿದ್ದು ಪೂರ್ತಿ ಬಿಡಲು ಇಪ್ಪತ್ತು ನಿಮಿಷ ಕಾಯಿರಿ; ಮಡಿಕೇರಿಯ ಚಳಿಯ ಬೆಳಗಿನಲ್ಲಿ ಅರ್ಧ ಗಂಟೆ.

ಒಂದು ನೊಣದ್ದನ್ನು ಹೇಳುತ್ತೇನೆ. ಇಡೀ ರೆಕ್ಕೆಯಲ್ಲಿ 158 ಹರ್ಟ್ಸ್ ಬಂತು. ಎರಡೂ ರೆಕ್ಕೆಯ ತುದಿಯ ಐದನೇ ಒಂದು ಭಾಗ ಕತ್ತರಿಸಿ ಅಳೆದೆ: 190. ಐದಕ್ಕೆ ಒಂದು ಪಾಲು ಏರಿಕೆ. ರೆಕ್ಕೆ ಎಲ್ಲೆಡೆ ಒಂದೇ ದಪ್ಪದ ಪಟ್ಟಿಯಾಗಿದ್ದರೆ ಏರಿಕೆ ಇದರ ಎರಡರಷ್ಟು ಇರಬೇಕಿತ್ತು. ಯಾಕೆಂದರೆ ಕೀಲಿನಿಂದ ದೂರವಿದ್ದಷ್ಟೂ ತೂಕದ ಜಡತೆ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ; ಅಂಥ ಪಟ್ಟಿಯ ತುದಿಯ ಐದನೇ ಭಾಗದಲ್ಲೇ ಒಟ್ಟು ಜಡತೆಯ ಹತ್ತಿರ ಹತ್ತಿರ ಅರ್ಧ ಇರುತ್ತದೆ. ನಿಜವಾದ ರೆಕ್ಕೆ ಹಾಗಿಲ್ಲ. ದಪ್ಪ ನಾಳಗಳೆಲ್ಲ ಬುಡದಲ್ಲೂ ಮುಂದಂಚಿನಲ್ಲೂ ಇವೆ, ತುದಿ ಬರೀ ತೆಳು ಪೊರೆ. ವೇಗವಾಗಿ ಬಡಿಯಬೇಕಾದ ರೆಕ್ಕೆಗೆ ತುದಿಯ ತೂಕ ಎಷ್ಟು ದುಬಾರಿ ಎಂಬುದು ಈ ಕಟ್ಟೋಣದಲ್ಲೇ ಕಾಣುತ್ತದೆ. ಇನ್ನೊಂದು ನೊಣದ ರೆಕ್ಕೆಯ ತುದಿಗೆ ಉಗುರುಬಣ್ಣದ ಚುಕ್ಕೆ ಇಟ್ಟಾಗ ಬಡಿತ ಕೆಳಗಿಳಿಯಿತು.

ಒಂದೇ ರೆಕ್ಕೆ ಕತ್ತರಿಸಿದರೆ? ಶಿಖರ ಎರಡಾಗಿ ಒಡೆಯುತ್ತದೆ ಎಂದುಕೊಂಡಿದ್ದೆ. ಒಡೆಯಲಿಲ್ಲ, ಎರಡೂ ರೆಕ್ಕೆಯ ಬಡಿತ ಕೂಡಿಯೇ ಏರಿತು. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ಸಂಜಯ್ ಸಾನೆಯವರ ಪ್ರಯೋಗಾಲಯ 2015ರಲ್ಲಿ ಇದರ ಕಾರಣ ತೋರಿಸಿತು. ಎದೆಯ ಹಿಂಬದಿಯ ಚಿಕ್ಕ ಗುರಾಣಿಯಂಥ ಚಿಪ್ಪು ಎಡಬಲದ ರೆಕ್ಕೆಗಳನ್ನು ಯಾಂತ್ರಿಕವಾಗಿ ಬೆಸೆದಿರುತ್ತದೆ. ಅದನ್ನು ಸೀಳಿದಾಗ ಎರಡೂ ತಾಳ ತಪ್ಪಿದವು.

ತಾಳ ಎದೆಗೂಡಿನದೇ ಎಂಬುದರ ಇನ್ನೊಂದು ಮಗ್ಗುಲು: ಜೇನು ಹೊರೆ ಹೊತ್ತಾಗ ಬಡಿತ ಹೆಚ್ಚಿಸಿಕೊಳ್ಳುವಂತಿಲ್ಲ. ಕಾಫಿ ಹೂವಿನ ವಾರದಲ್ಲಿ ಜೇನುಪೆಟ್ಟಿಗೆಯಿಂದ ಹೊರಡುವ ತುಡುವೆಗೂ ತುಂಬಿಕೊಂಡು ಬರುವ ತುಡುವೆಗೂ ನನ್ನ 5 ಹರ್ಟ್ಸಿನ ಅಳತೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಹೋಗುವಾಗ ಬರುವಾಗ ಮೈಕಿನತ್ತ ಹಾರಿದರೆ ಶ್ರುತಿ ಶೇಕಡಾ ಒಂದೆರಡು ಜರುಗುತ್ತದೆ, ಆದ್ದರಿಂದ ಬಾಗಿಲೆದುರು ತೂಗಾಡುತ್ತ ನಿಂತವನ್ನಷ್ಟೇ ಆರಿಸಿಕೊಂಡೆ. ಅಮೆರಿಕದಲ್ಲಿ ಸಾಕುಜೇನನ್ನು ಹೀಲಿಯಂ ಬೆರೆಸಿದ ತೆಳುಗಾಳಿಯಲ್ಲಿ ಹಾರಿಸಿದಾಗಲೂ ಅವು ಬಡಿತವನ್ನು ಹೆಚ್ಚುಕಮ್ಮಿ ಅಷ್ಟೇ ಇಟ್ಟು, ರೆಕ್ಕೆ ಬೀಸುವ ಕೋನವನ್ನು ಸುಮಾರು 90 ಡಿಗ್ರಿಯಿಂದ 130ಕ್ಕೆ ಹಿಗ್ಗಿಸಿದವು.

ರೆಕ್ಕೆಯ ಹೊರೆಯೇ ಇಲ್ಲದಾಗ ಎದೆಯ ಪೆಟ್ಟಿಗೆಯ ಶ್ರುತಿ ಎಷ್ಟೆಂದು ಕೇಳಬೇಕಾದರೆ ಬದನೆ ಸಾಲಿಗೆ ಹೋಗಿ. ಕರಿದುಂಬಿ ಹೂವಿಗೆ ಬರುವಾಗ ದಪ್ಪ ಗುಂಯ್. ಹೂವನ್ನು ತಬ್ಬಿ ರೆಕ್ಕೆ ಮಡಚಿದ ಕೂಡಲೇ ಅದೇ ಸ್ನಾಯುಗಳಿಂದ ಎದೆಯನ್ನಷ್ಟೇ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ, ಆಗ ಸದ್ದು ತಟ್ಟನೆ ಕೀರಲಾಗುತ್ತದೆ. ಫೋನನ್ನು ಹೂವಿನಿಂದ ಒಂದು ಗೇಣು ದೂರದಲ್ಲಿ ಹಿಡಿದರೆ ಎರಡೂ ಶ್ರುತಿ ಒಂದೇ ದಾಖಲೆಯಲ್ಲಿ ಬೆನ್ನುಬೆನ್ನಿಗೆ ಸಿಗುತ್ತವೆ.