ಮೊದಲ ಒಪೆರಾ: ಕಥೆ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ

ಮೊದಲ ಸಲ ಒಪೆರಾ ನೋಡುವವರಿಗೆ ಮೊತ್ಸಾರ್ಟ್‌ನ ‘ಫಿಗರೋನ ಮದುವೆ’ ಒಳ್ಳೆಯ ಆಯ್ಕೆ. ಲೊರೆಂಜೊ ದಾ ಪೊಂತೆ ಇಟಾಲಿಯನ್‌ನಲ್ಲಿ ಸಾಹಿತ್ಯ ಬರೆದ ಈ ಕೃತಿ 1786ರ ಮೇ 1ರಂದು ವಿಯೆನ್ನಾದಲ್ಲಿ ರಂಗಕ್ಕೆ ಬಂತು. ನಾಲ್ಕು ಅಂಕ, ಹೆಚ್ಚು ಕಡಿಮೆ ಮೂರು ಗಂಟೆ. ಕಥೆ ಒಂದೇ ದಿನದಲ್ಲಿ, ಒಂದೇ ಬಂಗಲೆಯಲ್ಲಿ ನಡೆಯುತ್ತದೆ. ದೇವರು, ಯುದ್ಧ, ಮಾಟಮಂತ್ರ ಯಾವುದೂ ಇಲ್ಲ. ಇದರಲ್ಲಿ ಮಾತು ಮತ್ತು ಹಾಡಿನ ನಡುವಿನ ಗೆರೆ ಕಿವಿಗೆ ಸ್ಪಷ್ಟವಾಗಿ ಸಿಗುವುದರಿಂದ, ಕಲಿಯಲು ಇದಕ್ಕಿಂತ ಅನುಕೂಲವಾದದ್ದು ಕಡಿಮೆ.

ಹಿಂದಿನ ದಿನ: ಕಥಾಸಾರ ಓದುವ ಕ್ರಮ

ಕಥೆ ಮೊದಲೇ ತಿಳಿದರೆ ಸ್ವಾರಸ್ಯ ಹೋದೀತು ಎಂಬ ಹೆದರಿಕೆ ಬೇಡ. ಯಕ್ಷಗಾನಕ್ಕೆ ಹೋಗುವವರು ಪ್ರಸಂಗದ ಕಥೆ ತಿಳಿಯಲೆಂದು ಹೋಗುವುದಿಲ್ಲ. ಅದು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನೋಡಲು ಹೋಗುತ್ತಾರೆ. ಒಪೆರಾದಲ್ಲೂ ಹಾಗೆಯೇ.

ಆದರೆ ಕಥಾಸಾರವನ್ನು ಕಾದಂಬರಿಯಂತೆ ಒಂದೇ ಓಟಕ್ಕೆ ಓದಿದರೆ ರಂಗದ ಮುಂದೆ ಏನೂ ನೆನಪಿರುವುದಿಲ್ಲ. ಅಲ್ಲಿ ಹನ್ನೊಂದು ಹೆಸರು ಬರುತ್ತವೆ, ಎಲ್ಲವೂ ನಮ್ಮ ಕಿವಿಗೆ ಹೊಸವು. ಮೊದಲ ಓದಿಗೆ ಐದೇ ಜನರನ್ನು ಹಿಡಿದುಕೊಳ್ಳಿ. ಜಮೀನ್ದಾರನಂಥ ಕೌಂಟ್ ಅಲ್ಮಾವೀವಾ, ಅವನ ಹೆಂಡತಿ ಕೌಂಟೆಸ್ ರೊಸೀನಾ, ಅವನ ಆಳು ಫಿಗರೋ, ಕೌಂಟೆಸ್‌ಳ ಸೇವಕಿ ಸುಸಾನ್ನಾ, ಹದಿಹರೆಯದ ಹುಡುಗ ಕೆರುಬೀನೊ. ಇವತ್ತು ಫಿಗರೋಗೂ ಸುಸಾನ್ನಾಗೂ ಮದುವೆ. ಕೌಂಟ್‌ಗೆ ಸುಸಾನ್ನಾಳ ಮೇಲೆ ಕಣ್ಣು. ಕೆರುಬೀನೊಗೆ ಕಣ್ಣಿಗೆ ಬಿದ್ದ ಎಲ್ಲ ಹೆಂಗಸರ ಮೇಲೂ ಪ್ರೀತಿ. ಮಿಕ್ಕವರೆಲ್ಲ ಈ ಐವರ ನಡುವೆ ತೊಡಕು ಹಾಕಲು ಬರುವವರು.

ಎರಡನೆಯ ಓದಿಗೆ ಪೆನ್ನು ಹಿಡಿಯಿರಿ. ಪ್ರತಿ ಅಂಕಕ್ಕೂ ಒಂದೇ ಪ್ರಶ್ನೆ: ಈ ಹೊತ್ತಿಗೆ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ? ಎರಡನೆಯ ಅಂಕಕ್ಕೆ ಹೀಗೆ ಬರೆದುಕೊಳ್ಳಬಹುದು: ‘ಒಳಕೋಣೆಯಲ್ಲಿ ಕೆರುಬೀನೊ ಅಡಗಿದ್ದ. ಕೌಂಟ್ ಬಾಗಿಲು ಮುರಿಯುವ ಸಲಕರಣೆ ತರಲು ಹೆಂಡತಿಯನ್ನೂ ಕರೆದುಕೊಂಡು ಹೋದ. ಅಷ್ಟರಲ್ಲಿ ಹುಡುಗ ಕಿಟಕಿಯಿಂದ ಹಾರಿದ, ಅವನ ಜಾಗಕ್ಕೆ ಸುಸಾನ್ನಾ ಹೊಕ್ಕಳು. ಇದು ಕೌಂಟೆಸ್‌ಗೂ ಗೊತ್ತಿಲ್ಲ.’ ಕೊನೆಯ ಆ ವಾಕ್ಯ ತಲೆಯಲ್ಲಿದ್ದರೆ ಸಾಕು. ಬಾಗಿಲು ತೆರೆದು ಸುಸಾನ್ನಾ ಹೊರಬಂದಾಗ ಗಂಡ ಹೆಂಡತಿ ಇಬ್ಬರೂ ಬೆರಗಾಗಿ ನಿಲ್ಲುವುದು ಏಕೆಂದು ರಂಗದ ಮೇಲ್ಭಾಗದಲ್ಲಿ ತೋರಿಸುವ ಅನುವಾದದ ಸಾಲು ನೋಡದೆಯೇ ತಿಳಿಯುತ್ತದೆ.

ಎರಡು ಕಡೆ ಹೊಸಬರು ಖಂಡಿತ ಎಡವುತ್ತಾರೆ. ಕೆರುಬೀನೊನ ಪಾತ್ರವನ್ನು ಹೆಂಗಸೇ ಹಾಡುತ್ತಾಳೆ. ಕಥೆಯಲ್ಲಿ ಆ ಹುಡುಗ ಮತ್ತೆ ಹುಡುಗಿಯ ವೇಷ ಹಾಕುತ್ತಾನೆ. ಇನ್ನೊಂದು ನಾಲ್ಕನೆಯ ಅಂಕ. ಕತ್ತಲ ತೋಟದಲ್ಲಿ ಕೌಂಟೆಸ್ ಸುಸಾನ್ನಾಳ ಬಟ್ಟೆಯಲ್ಲಿ, ಸುಸಾನ್ನಾ ಕೌಂಟೆಸ್‌ಳ ಬಟ್ಟೆಯಲ್ಲಿ ಇರುತ್ತಾರೆ. ಈ ಅಂಕದ ಸಾರವನ್ನು ವಿರಾಮದಲ್ಲಿ ಇನ್ನೊಮ್ಮೆ ಓದಿ. ಸಾಮಾನ್ಯವಾಗಿ ಎರಡನೆಯ ಅಂಕ ಮುಗಿದ ಮೇಲೆ ವಿರಾಮ ಕೊಡುತ್ತಾರೆ.

ಇಡೀ ಸಾಹಿತ್ಯವನ್ನು ಮೊದಲೇ ಓದಲು ಹೋಗಬೇಡಿ. ಅದು ಎರಡನೆಯ ಸಲ ನೋಡುವಾಗಿನ ಕೆಲಸ.

ರೆಸಿಟೆಟಿವ್: ಕಥೆ ಓಡುವ ಜಾಗ

ಮಾತಿನ ಲಯದಲ್ಲೇ ಹಾಡುವ ಸಂಭಾಷಣೆಗೆ ರೆಸಿಟೆಟಿವ್ ಎಂದು ಹೆಸರು. ಇಲ್ಲಿ ತಾಳದ ಕಟ್ಟು ಇಲ್ಲ, ಮನಸ್ಸಿನಲ್ಲಿ ಉಳಿಯುವ ಧಾಟಿ ಇಲ್ಲ. ವಾದ್ಯವೃಂದ ಸುಮ್ಮನಾಗುತ್ತದೆ, ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ವಾದ್ಯ ಅಥವಾ ಹಳೆಯ ಮಾದರಿಯ ಪಿಯಾನೊ ಅಲ್ಲೊಂದು ಇಲ್ಲೊಂದು ಸ್ವರಗುಚ್ಛ ಕೊಡುತ್ತದೆ, ಜೊತೆಗೆ ಹಲವು ಕಡೆ ಒಂದು ಚೆಲ್ಲೊ. ಹಾಡುಗಾರರು ಬೇಗ ಬೇಗ ಆಡುತ್ತಾರೆ. ಮಾತು ನಿಂತ ಮೇಲೆ ವಾದ್ಯದಲ್ಲಿ ಟಣ್, ಟಣ್ ಎಂದು ಎರಡು ಗಟ್ಟಿ ಸ್ವರಗುಚ್ಛ ಕೇಳಿಸಿದರೆ ಅಲ್ಲಿಗೆ ಒಂದು ಮಾತು ಮುಗಿಯಿತು ಎಂದರ್ಥ. ಬಹಳ ಸಲ ಅದರ ಹಿಂದೆಯೇ ಹಾಡು ಬರುತ್ತದೆ.

ಸಂಗೀತ ಬಡವಾಗಿ ಕೇಳುವ ಈ ಭಾಗದಲ್ಲಿ ಹೊಸಬರ ಗಮನ ಜಾರುತ್ತದೆ. ಮುಂದೆ ಕಥೆಯ ಎಳೆ ತಪ್ಪಲು ಮುಖ್ಯ ಕಾರಣ ಇದೇ. ಸಂಗತಿಗಳೆಲ್ಲ ಇರುವುದು ಇಲ್ಲಿಯೇ. ಆದ್ದರಿಂದ ರೆಸಿಟೆಟಿವ್ ನಡೆಯುವಾಗ ಕಣ್ಣು ಅನುವಾದದ ಸಾಲಿನ ಮೇಲಿರಲಿ. ರಂಗದ ಮೇಲ್ಭಾಗದಲ್ಲಿ ಹೀಗೆ ಸಾಲು ತೋರಿಸುವ ಪದ್ಧತಿ 1983ರಲ್ಲಿ ಕೆನಡಾದ ಟೊರೊಂಟೊದಲ್ಲಿ ಶುರುವಾಯಿತು. ಈಗ ಬಹಳಷ್ಟು ದೊಡ್ಡ ಒಪೆರಾ ಮನೆಗಳಲ್ಲಿ ಇದೆ. ಮನೆಯಲ್ಲಿ ವಿಡಿಯೊ ನೋಡುವವರು ಸಬ್‌ಟೈಟಲ್ ಇರುವ ಪ್ರತಿಯನ್ನೇ ಆರಿಸಿಕೊಳ್ಳಿ.

ಮೊದಲ ಅಂಕದ ಆರಂಭದಲ್ಲೇ ಇದನ್ನು ಪರೀಕ್ಷಿಸಬಹುದು. ತೆರೆ ಏಳುವಾಗ ಫಿಗರೋ ಕೋಣೆಯನ್ನು ಅಳೆಯುತ್ತ ‘ಐದು, ಹತ್ತು, ಇಪ್ಪತ್ತು, ಮೂವತ್ತು, ಮೂವತ್ತಾರು, ನಲವತ್ತಮೂರು’ ಎನ್ನುತ್ತಿದ್ದಾನೆ. ಸುಸಾನ್ನಾ ಕನ್ನಡಿಯ ಮುಂದೆ ಹೊಸ ಟೋಪಿ ಹಾಕಿಕೊಂಡು ‘ನೋಡು’ ಎನ್ನುತ್ತಾಳೆ. ಇದು ಇಬ್ಬರ ಹಾಡು. ಅವನ ಧಾಟಿ ಒಂದು, ಅವಳದು ಇನ್ನೊಂದು. ಕೊನೆಗೆ ಅವನೇ ಅವಳ ಧಾಟಿಗೆ ಬರುತ್ತಾನೆ. ಈ ಜೋಡಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅಷ್ಟರಲ್ಲೇ ತಿಳಿಯಿತು.

ಹಾಡು ಮುಗಿದು ಹಾರ್ಪ್ಸಿಕಾರ್ಡ್ ಸದ್ದು ಬಂತು: ರೆಸಿಟೆಟಿವ್. ಏನು ಅಳೆಯುತ್ತಿದ್ದೀಯ ಎಂದು ಅವಳು ಕೇಳುತ್ತಾಳೆ. ಕೌಂಟ್ ಕೊಡುವ ಮಂಚ ಇಲ್ಲಿ ಹಿಡಿಸುತ್ತದೆಯೇ ಎಂದು ಅವನು. ಈ ಕೋಣೆ ನನಗೆ ಬೇಡ ಎಂದು ಅವಳು. ಮತ್ತೆ ಇಬ್ಬರ ಹಾಡು: ಕೌಂಟೆಸ್ ಗಂಟೆ ಬಾರಿಸಿದರೆ ಎರಡು ಹೆಜ್ಜೆಗೆ ನೀನು ಅಲ್ಲಿ ಎಂದು ಅವನು ಹಾಡಿದರೆ, ಕೌಂಟ್ ನಿನ್ನನ್ನು ದೂರ ಕಳಿಸಿ ಎರಡು ಹೆಜ್ಜೆಗೆ ಇಲ್ಲಿಗೆ ಬಂದರೆ ಎಂದು ಅವಳು. ಮತ್ತೆ ರೆಸಿಟೆಟಿವ್. ಇದರಲ್ಲಿ ಇಡೀ ಒಪೆರಾದ ಬೀಜವಿದೆ. ಆಳಿನ ಮದುಮಗಳ ಮೇಲೆ ಒಡೆಯನಿಗಿದ್ದ ಹಳೆಯ ಹಕ್ಕನ್ನು ಕೌಂಟ್ ತಾನೇ ರದ್ದು ಮಾಡಿದ್ದ. ಈಗ ಅದನ್ನೇ ಗುಟ್ಟಾಗಿ ಸುಸಾನ್ನಾಳಿಂದ ಕೊಳ್ಳಲು ಹವಣಿಸುತ್ತಿದ್ದಾನೆ. ಈ ಒಂದೆರಡು ನಿಮಿಷ ತಪ್ಪಿದರೆ ಮುಂದಿನ ಮೂರು ಗಂಟೆ ಬರೀ ಓಡಾಟವಾಗಿ ಕಾಣುತ್ತದೆ.

ಆರಿಯಾ: ಕಥೆ ನಿಲ್ಲುವ ಜಾಗ

ಆಮೇಲೆ ಫಿಗರೋ ಒಬ್ಬನೇ ಉಳಿಯುತ್ತಾನೆ. ‘ಭಲೆ ಒಡೆಯರೇ’ ಎಂದು ತನಗೆ ತಾನೇ ಆಡಿಕೊಂಡು, ಲೆಕ್ಕ ಹಾಕಿ, ಹಾಡಿಗೆ ತೊಡಗುತ್ತಾನೆ: ‘ಕುಣಿಯಬೇಕೆಂದರೆ, ಪುಟ್ಟ ಕೌಂಟ್ ಮಹಾಶಯರೇ, ಗಿಟಾರ್ ನಾನು ನುಡಿಸುತ್ತೇನೆ.’ ಒಬ್ಬರೇ ಹಾಡುವ ಇಂಥ ಹಾಡು ಆರಿಯಾ. ಪಿಟೀಲಿನವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ, ಅದು ಗಿಟಾರ್‌ನಂತೆ ಕೇಳಿಸುತ್ತದೆ. ಲಯ ಮಿನುಯೆಟ್‌ನದು, ಅಂದರೆ ಶ್ರೀಮಂತರ ಕುಣಿತದ್ದು. ಆಳು ಒಡೆಯನ ಕುಣಿತವನ್ನೇ ಎತ್ತಿಕೊಂಡಿದ್ದಾನೆ. ನಡುವೆ ಸಭ್ಯತೆ ಕಳಚಿ ಲಯ ಓಡತೊಡಗುತ್ತದೆ, ಒಳಗಿನ ಸಿಟ್ಟು ಹೊರಬರುತ್ತದೆ.

ಆರಿಯಾದಲ್ಲಿ ಹೊಸ ಸುದ್ದಿ ಬಹುತೇಕ ಇರುವುದಿಲ್ಲ. ಈಗ ತಾನೇ ಗೊತ್ತಾದ ಸುದ್ದಿ ಮನಸ್ಸಿನೊಳಗೆ ಏನು ಮಾಡಿತು ಎಂಬುದಷ್ಟೇ ಇರುತ್ತದೆ. ಸಾಲುಗಳು ಕೆಲವೇ, ಅವೇ ಮತ್ತೆ ಮತ್ತೆ ಬರುತ್ತವೆ. ಮರುಕಳಿಸುವಾಗ ಅನುವಾದದ ಪರದೆ ಎಷ್ಟೋ ಸಲ ಖಾಲಿಯಾಗುತ್ತದೆ. ಯಂತ್ರ ಕೆಟ್ಟಿತೆಂದುಕೊಳ್ಳಬೇಡಿ, ಹೇಳುವುದು ಮುಗಿದಿದೆ, ಇನ್ನು ಕೇಳಿ ಎಂಬ ಸೂಚನೆ ಅದು. ಕಣ್ಣು ಕೆಳಗಿಳಿಸಿ ಹಾಡುವವರನ್ನು ನೋಡಿ.

ಈ ವ್ಯತ್ಯಾಸ ಅತ್ಯಂತ ಚೆನ್ನಾಗಿ ಕಾಣುವುದು ಮೂರನೆಯ ಅಂಕದಲ್ಲಿ, ಕೌಂಟೆಸ್ ಒಬ್ಬಳೇ ಇರುವ ದೃಶ್ಯದಲ್ಲಿ. ಮೊದಲು ರೆಸಿಟೆಟಿವ್, ಆದರೆ ಈ ಸಲ ಹಾರ್ಪ್ಸಿಕಾರ್ಡ್ ಇಲ್ಲ, ತಂತಿವಾದ್ಯಗಳ ಗುಂಪು ಮಾತಿನ ನಡುನಡುವೆ ನುಡಿಯುತ್ತದೆ. ವಾದ್ಯವೃಂದ ಹೀಗೆ ಮಾತಿಗೆ ಜೊತೆಯಾದರೆ ಒಂದು ದೊಡ್ಡ ಆರಿಯಾ ಹತ್ತಿರದಲ್ಲಿದೆ ಎಂದು ಎಚ್ಚರಾಗಬಹುದು. ಸುಸಾನ್ನಾ ಇನ್ನೂ ಬರಲಿಲ್ಲ, ಅವಳ ಬಟ್ಟೆ ನಾನು, ನನ್ನ ಬಟ್ಟೆ ಅವಳು ಹಾಕಿಕೊಂಡು ರಾತ್ರಿ ಹೋಗುವ ಉಪಾಯ ಅಪಾಯದ್ದು, ಗಂಡನ ದೆಸೆಯಿಂದ ಸೇವಕಿಯ ಸಹಾಯ ಬೇಡುವ ಸ್ಥಿತಿಗೆ ಬಂದೆನಲ್ಲ ಎನ್ನುತ್ತಾಳೆ. ನಾಲ್ಕನೆಯ ಅಂಕದ ಬೀಗದ ಕೈ ಈ ಮಾತಿನಲ್ಲೇ ಇದೆ, ಓದಿಕೊಳ್ಳಿ.

ನಂತರದ ಆರಿಯಾ ‘ದೋವೆ ಸೋನೊ’ದಲ್ಲಿ ಇರುವುದು ಹನ್ನೆರಡೇ ಸಣ್ಣ ಸಾಲು. ಮೊದಲ ನಾಲ್ಕು: ಆ ಸವಿಯಾದ ಗಳಿಗೆಗಳು ಎಲ್ಲಿ ಹೋದವು? ಮುಂದಿನ ನಾಲ್ಕು: ಎಲ್ಲವೂ ಅಳುವಾದ ಮೇಲೂ ಆ ನೆನಪು ಏಕೆ ಉಳಿದಿದೆ? ಇಲ್ಲಿ ಮೊದಲ ಧಾಟಿ ಮೆಲ್ಲನೆ ಮರಳಿ ಬರುತ್ತದೆ. ನೆನಪು ಹೋಗಿಲ್ಲ ಎಂದು ಅವಳು ಹೇಳಿದಳು, ಸಂಗೀತ ಆ ನೆನಪನ್ನೇ ತಂದು ಮುಂದಿಟ್ಟಿತು. ಆಮೇಲೆ ಲಯ ಚುರುಕಾಗುತ್ತದೆ, ಕೊನೆಯ ನಾಲ್ಕು ಸಾಲು: ನನ್ನ ನಿಷ್ಠೆಯಿಂದಲಾದರೂ ಅವನ ಮನಸ್ಸು ತಿರುಗೀತೇ? ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ, ಅವಳು ಮಾತ್ರ ದುಃಖದಿಂದ ಆಸೆಗೆ ಬಂದಿದ್ದಾಳೆ. ಹಿಂದಿನ ದಿನ ಒಂದೇ ಒಂದು ಹಾಡು ಕೇಳಿಟ್ಟುಕೊಳ್ಳಲು ಸಮಯವಿದ್ದರೆ ಇದನ್ನೇ ಎರಡು ಸಲ ಕೇಳಿ. ಧಾಟಿ ಮರಳುವ ಜಾಗ ಗುರುತಾದರೆ ರಂಗದಲ್ಲಿ ಅದು ಬೇರೆಯೇ ಆಗಿ ತಟ್ಟುತ್ತದೆ.

ಎಲ್ಲರೂ ಒಟ್ಟಿಗೆ ಹಾಡುವಾಗ

ಎರಡನೆಯ ಅಂಕದ ಕೊನೆಯ ಸುಮಾರು ಇಪ್ಪತ್ತು ನಿಮಿಷ ಈ ನಿಯಮ ಮುರಿಯುತ್ತದೆ. ಅಲ್ಲಿ ರೆಸಿಟೆಟಿವ್ ಇಲ್ಲ, ಕಥೆಯೂ ನಿಲ್ಲುವುದಿಲ್ಲ. ಗಂಡ ಹೆಂಡತಿಯ ಜಗಳದಿಂದ ಶುರುವಾಗಿ ಜನ ಸೇರುತ್ತ ಕೊನೆಗೆ ಏಳು ಜನ ಒಟ್ಟಿಗೆ ಹಾಡುತ್ತಾರೆ. ಏಳು ಜನರ ಸಾಲನ್ನು ಪರದೆ ತೋರಿಸಲಾರದು, ನೀವೂ ಓದಲಾರಿರಿ. ಇಲ್ಲಿ ಪರದೆಗಿಂತ ಬಾಗಿಲನ್ನು ನೋಡುವುದು ಲೇಸು. ಹೊಸ ಪಾತ್ರ ಒಳಗೆ ಬಂದಾಗಲೆಲ್ಲ ಲಯ ಅಥವಾ ಶ್ರುತಿ ಬದಲಾಗುತ್ತದೆ. ಮುರಿದ ಹೂಕುಂಡ ಹಿಡಿದು ಮಾಲಿ ಆಂತೋನಿಯೊ ಬಂದ. ಯಾರೋ ಕಿಟಕಿಯಿಂದ ಹಾರಿದರು ಎಂದ. ಹಾರಿದ್ದು ನಾನೇ ಎಂದು ಫಿಗರೋ ಸುಳ್ಳು ಹೇಳಿದ. ನೀವು ಬರೆದ ಚೀಟಿಯಲ್ಲಿ ಹಾರಿದವನು ಯಾರೆಂದು ಇದೆ. ಅಷ್ಟು ಸಾಕು.

ನಾಲ್ಕನೆಯ ಅಂಕದಲ್ಲಿ, ತೊಡಕು ಹಾಕಲು ಬರುವವರಲ್ಲಿ ಇಬ್ಬರಾದ ಮಾರ್ಚೆಲ್ಲೀನಾ ಮತ್ತು ಬಸೀಲಿಯೊ ಅವರ ಆರಿಯಾಗಳನ್ನು ಅನೇಕ ಪ್ರದರ್ಶನಗಳಲ್ಲಿ ಕೈಬಿಡುತ್ತಾರೆ. ಅವು ಬರದಿದ್ದರೆ ಎಲ್ಲೋ ಎಳೆ ತಪ್ಪಿತೆಂದು ಗಾಬರಿಯಾಗಬೇಡಿ. ತೋಟದ ಕತ್ತಲಲ್ಲಿ ಬಟ್ಟೆಯನ್ನು ನಂಬದೆ ದನಿಯನ್ನು ನಂಬಿ. ಫಿಗರೋ ಸುಸಾನ್ನಾಳನ್ನು ಗುರುತಿಸುವುದೂ ದನಿಯಿಂದಲೇ. ಕೊನೆಗೆ ಎಲ್ಲ ಗಲಾಟೆಯೂ ಥಟ್ಟನೆ ನಿಂತು, ಲಯ ನಿಧಾನವಾಗಿ, ಕೌಂಟ್ ತನ್ನ ಹೆಂಡತಿಯ ಕ್ಷಮೆ ಕೇಳುತ್ತಾನೆ. ಎರಡೇ ಶಬ್ದ, ‘ಕೊಂತೆಸ್ಸಾ, ಪೆರ್ದೋನೊ’. ಆ ಹೊತ್ತಿಗೆ ಪರದೆಯ ಕಡೆ ನೋಡುತ್ತಿರಬೇಡಿ.